ಬಜೆಟ್ ಮೀರಿದ ಉಳಿಕೆ, ಒಣಗದ ಅಡಿಕೆ

ಕಳೆದ 16 ವರ್ಷಗಳಿಂದ ನಾನು ಪುಣೆಯ ಒಂದು ಕಂಪನಿಯ ಲೆಕ್ಕಪತ್ರ ವಿಭಾಗದಲ್ಲಿದ್ದೇನೆ. ಮೂರು ತಿಂಗಳಿಗೊಮ್ಮೆ ಬಜೆಟ್ಟಿಗೂ ನಿಜವಾಗಿ ಆದದ್ದಕ್ಕೂ ಇರುವ ವ್ಯತ್ಯಾಸವನ್ನು ನಿರ್ದೇಶಕ ಮಂಡಳಿಗೆ ವಿವರಿಸುವ ಟಿಪ್ಪಣಿ ಬರೆಯುವುದು ನನ್ನ ಕೆಲಸ. ಷೇರುಪೇಟೆಯಲ್ಲಿರುವ ಕಂಪನಿಗಳು, ವರ್ಷದ ಕೊನೆಯದನ್ನು ಬಿಟ್ಟು, ಉಳಿದ ತ್ರೈಮಾಸಿಕಗಳ ಫಲಿತಾಂಶವನ್ನು 45 ದಿನಗಳೊಳಗೆ ಪ್ರಕಟಿಸಬೇಕೆಂದು ಸೆಬಿ ನಿಯಮವಿದೆ. ಹಾಗೆ ಪ್ರಕಟವಾಗುವ ಪಟ್ಟಿಯಲ್ಲಿ ಹಿಂದಿನ ತ್ರೈಮಾಸಿಕದ ಮತ್ತು ಹಿಂದಿನ ವರ್ಷದ ಇದೇ ಅವಧಿಯ ಅಂಕಿಗಳಿರುತ್ತವೆಯೇ ಹೊರತು ಬಜೆಟ್ಟಿನವು ಇರುವುದಿಲ್ಲ. ಬಜೆಟ್ಟಿನ ಜೊತೆಗಿನ ಹೋಲಿಕೆ ಮಂಡಳಿಯ ಸಭೆಯೊಳಗೇ ಉಳಿಯುತ್ತದೆ. ಆದ್ದರಿಂದ ಆ ಟಿಪ್ಪಣಿಯಲ್ಲಿ ಏನು ಬರೆದಿದೆ ಎಂದು ಹೊರಗಿನವರು ಯಾರೂ ಕೇಳುವುದಿಲ್ಲ.

ಈ ಜನವರಿಯಲ್ಲಿ ಸಾಗರದ ಹತ್ತಿರದ ನಮ್ಮ ಊರಿಗೆ ಹೋಗಿದ್ದಾಗ, ಅಲ್ಲಿಯ ಅಡಿಕೆ ಮಾರಾಟದ ಸಹಕಾರ ಸಂಘವೊಂದರಲ್ಲಿ ನಿರ್ದೇಶಕರಾಗಿರುವ ಚಿಕ್ಕಪ್ಪ ಅಂಥದೇ ಒಂದು ಟಿಪ್ಪಣಿಯನ್ನು ನನ್ನ ಕೈಗಿಟ್ಟರು. ಅಕ್ಟೋಬರಿನಿಂದ ಡಿಸೆಂಬರ್‌ವರೆಗಿನ ಲೆಕ್ಕ, ಒಂದೇ ಪುಟ. ಬಜೆಟ್ಟಿನಲ್ಲಿ 12 ಲಕ್ಷ ರೂಪಾಯಿ ಉಳಿಕೆ ಅಂದಾಜಿಸಿದ್ದರು, ಬಂದದ್ದು 12.5 ಲಕ್ಷ. "ಧಾರಣೆ ಉತ್ತಮವಾಗಿದ್ದುದರಿಂದ ಹಾಗೂ ವೆಚ್ಚ ನಿಯಂತ್ರಣದಿಂದ ಉಳಿಕೆ ನಿರೀಕ್ಷೆಯನ್ನು ಮೀರಿದೆ" ಎಂದು ಕೊನೆಯಲ್ಲಿ ಬರೆದಿತ್ತು. ಈ ವಾಕ್ಯವನ್ನು ಪುಣೆಯಲ್ಲಿ ನಾನೇ ಎಷ್ಟೋ ಬಾರಿ ಬರೆದಿದ್ದೇನೆ. ಅದರಲ್ಲಿ ಸುಳ್ಳೇನೂ ಇಲ್ಲ, ಆದರೂ ಅದು ಓದುವವರನ್ನು ದಾರಿ ತಪ್ಪಿಸುತ್ತದೆ.

ಅಂಕಿಗಳನ್ನು ಸ್ವಲ್ಪ ದುಂಡಗೆ ಮಾಡಿ ಹೇಳುತ್ತೇನೆ. ಸದಸ್ಯರು ತಂದ ಅಡಿಕೆಯನ್ನು ಸಂಘ ಮಾರಿಕೊಟ್ಟು 2% ಕಮಿಷನ್ ಪಡೆಯುತ್ತದೆ. 4,000 ಕ್ವಿಂಟಾಲ್ ಆವಕ, ಕ್ವಿಂಟಾಲಿಗೆ ಸರಾಸರಿ 45,000 ರೂಪಾಯಿ ಧಾರಣೆ ಎಂದು ಬಜೆಟ್ ಹಿಡಿದಿತ್ತು. ಆ ಲೆಕ್ಕದಲ್ಲಿ ಕಮಿಷನ್ 36 ಲಕ್ಷ ಬರಬೇಕಿತ್ತು. ವಾಸ್ತವದಲ್ಲಿ ಬಂದದ್ದು 3,400 ಕ್ವಿಂಟಾಲ್, ಸರಾಸರಿ ಧಾರಣೆ 50,000, ಕಮಿಷನ್ 34 ಲಕ್ಷ. ನೋಡಿದರೆ ಕೊರತೆ ಎರಡೇ ಲಕ್ಷ. ಆದರೆ 600 ಕ್ವಿಂಟಾಲ್ ಕಡಿಮೆ ಬಂದದ್ದರಿಂದ, ಬಜೆಟ್ಟಿನ ಧಾರಣೆಯಲ್ಲೇ ಲೆಕ್ಕ ಹಾಕಿದರೆ, ಹೋದ ಕಮಿಷನ್ 5.4 ಲಕ್ಷ, ಬಂದ 3,400 ಕ್ವಿಂಟಾಲಿಗೆ ತಲಾ 5,000 ರೂಪಾಯಿ ಹೆಚ್ಚು ಧಾರಣೆ ಸಿಕ್ಕಿದ್ದರಿಂದ ಕೂಡಿದ್ದು 3.4 ಲಕ್ಷ. ಧಾರಣೆ ಸಂಘದ ಕೈಯಲ್ಲಿಲ್ಲ, ಅದು ಬರುವ ವಾರವೇ ಇಳಿಯಬಹುದು. ಸಂಘಕ್ಕೆ ಬರಬೇಕಾದ ಅಡಿಕೆ ಬಾರದಿದ್ದ ದೊಡ್ಡ ಸಂಗತಿಯನ್ನು ಅಂಥ ಧಾರಣೆ ಮುಚ್ಚಿಬಿಟ್ಟಿತ್ತು. ಸರಾಸರಿ ಏರಿದ್ದು ಪೇಟೆಯ ಧಾರಣೆ ಏರಿದ್ದರಿಂದಲೋ ಅಥವಾ ಕಡಿಮೆ ಬೆಲೆಯ ದರ್ಜೆಯಾದ ಗೊರಬಲು ಕಡಿಮೆಯಾಗಿ ಹೆಚ್ಚು ಬೆಲೆಯ ದರ್ಜೆಗಳಾದ ಬೆಟ್ಟೆ, ಸರಕು ಹೆಚ್ಚು ಬಂದದ್ದರಿಂದಲೋ ಎಂಬುದನ್ನೂ ದರ್ಜೆವಾರು ಪಟ್ಟಿ ತೆಗೆದೇ ಹೇಳಬೇಕು. ಬರಿಯ ಸರಾಸರಿ ಅದನ್ನು ಹೇಳುವುದಿಲ್ಲ.

ಖರ್ಚಿನ ಕಥೆ ಇದಕ್ಕಿಂತ ಸೂಕ್ಷ್ಮವಾದದ್ದು. ಬಜೆಟ್ 24 ಲಕ್ಷ, ಖರ್ಚಾದದ್ದು 21.5 ಲಕ್ಷ, ಅಂದರೆ 2.5 ಲಕ್ಷ ಮಿಗಿತು. ಆದರೆ ಗೋದಾಮಿನ ಮಾಡಿನ ದುರಸ್ತಿಗೆಂದು ಇಟ್ಟಿದ್ದ ಹಣವೂ ಸರಿಯಾಗಿ 2.5 ಲಕ್ಷವೇ, ಮತ್ತು ಆ ಕೆಲಸ ಇನ್ನೂ ಶುರುವೇ ಆಗಿರಲಿಲ್ಲ. ಮಾಡು ಸೋರುವುದು ನಿಂತಿಲ್ಲವಾದ್ದರಿಂದ ಆ ಖರ್ಚು ಉಳಿತಾಯವಾಗಿಲ್ಲ, ಮುಂದಕ್ಕೆ ಹೋಗಿದೆ ಅಷ್ಟೆ. ಅದನ್ನು ಬದಿಗಿಟ್ಟರೆ ಉಳಿಕೆ 10 ಲಕ್ಷಕ್ಕೆ ಇಳಿಯುತ್ತದೆ.

ಹಮಾಲಿಯ ಸಾಲಿನಲ್ಲಂತೂ ತಪ್ಪು ತಿಳಿವಳಿಕೆ ಇನ್ನೂ ಸುಲಭ. ಬಜೆಟ್ 8 ಲಕ್ಷ, ಖರ್ಚು 7.6 ಲಕ್ಷ, ಆದ್ದರಿಂದ ಪಟ್ಟಿಯಲ್ಲಿ ಅದು 40,000 ರೂಪಾಯಿ ಮಿಗಿತವೆಂದು ಕಾಣುತ್ತಿತ್ತು. ಆ 8 ಲಕ್ಷವನ್ನು ಕ್ವಿಂಟಾಲಿಗೆ 200 ರೂಪಾಯಿಯಂತೆ 4,000 ಕ್ವಿಂಟಾಲಿಗೆ ಇಟ್ಟಿದ್ದರು. 3,400 ಕ್ವಿಂಟಾಲಿಗೆ ಆಗಬೇಕಿದ್ದದ್ದು 6.8 ಲಕ್ಷ, ಅಂದರೆ 80,000 ರೂಪಾಯಿ ಹೆಚ್ಚೇ ಹೋಗಿದೆ. ಆವಕದೊಡನೆ ಏರಿಳಿಯುವ ಖರ್ಚನ್ನು ನಿಜವಾದ ಆವಕಕ್ಕೆ ಹೊಂದಿಸಿಕೊಂಡ ಬಜೆಟ್ಟಿನ ಜೊತೆಗೇ ಹೋಲಿಸಬೇಕು. ಇಲ್ಲವಾದರೆ ವ್ಯಾಪಾರ ಕುಸಿದಷ್ಟೂ ವೆಚ್ಚ ನಿಯಂತ್ರಣ ಚೆನ್ನಾಗಿ ನಡೆದಂತೆ ತೋರುತ್ತದೆ.

ಈ 80,000 ಯಾಕೆ ಹೆಚ್ಚಾಯಿತು ಎಂದು ಪುಣೆಯಲ್ಲಾದರೆ ನಾನು "ನಿರ್ವಹಣಾ ವೆಚ್ಚದ ಹೆಚ್ಚಳದಿಂದ" ಎಂದು ಬರೆದುಬಿಡುತ್ತಿದ್ದೆನೇನೋ. ಅದು ಕಾರಣವಲ್ಲ, ಅಂಕಿಯನ್ನೇ ಮಾತಿನಲ್ಲಿ ಮತ್ತೊಮ್ಮೆ ಹೇಳಿದಂತೆ. ಚಿಕ್ಕಪ್ಪ ನನ್ನನ್ನು ಗೋದಾಮಿಗೆ ಕರೆದುಕೊಂಡು ಹೋಗಿ ಒಂದು ಚೀಲದ ಬಾಯಿ ಬಿಚ್ಚಿಸಿ, ಒಂದು ಮುಷ್ಟಿ ಅಡಿಕೆಯನ್ನು ಅಂಗೈಯಲ್ಲಿ ಅಲುಗಿಸಿದರು. ಚೆನ್ನಾಗಿ ಒಣಗಿದ ಅಡಿಕೆ ಕಟಕಟ ಎನ್ನುತ್ತದೆ. ಇದರ ಸದ್ದು ಮಂದವಾಗಿತ್ತು, ಮೂಗಿನ ಬಳಿ ಹಿಡಿದರೆ ಬೂಸಲಿನ ವಾಸನೆ. "ಅಕ್ಟೋಬರಿನಲ್ಲಿ ಮಳೆ ಬಿಡಲಿಲ್ಲ ಮಾರಾಯ. ಬೇಯಿಸಿದ ಅಡಿಕೆ ಚಪ್ಪರದಲ್ಲಿ ಒಣಗಲೇ ಇಲ್ಲ. ಬಂದ ಚೀಲಗಳನ್ನೇ ಬಿಚ್ಚಿ, ಹರವಿ, ಮತ್ತೆ ತುಂಬಿಸಬೇಕಾಯಿತು. ಅದಕ್ಕೆ ಎರಡು ಸಲ ಕೂಲಿ" ಎಂದರು. ಬಾರದ 600 ಕ್ವಿಂಟಾಲಿನ ಕಥೆಯೂ ಅವರಿಗೆ ಗೊತ್ತಿತ್ತು: ಒಂದಷ್ಟು ಕೊಳೆರೋಗಕ್ಕೆ ಹೋಯಿತು, ಉಳಿದದ್ದು ಒಣಗದೆ ಇನ್ನೂ ಮನೆಗಳಲ್ಲೇ ಇದೆ.

ನನಗೆ ಎರಡೂ ಕಡೆಯ ರೀತಿ ಅಲ್ಲಿ ಒಟ್ಟಿಗೆ ಕಂಡಿತು. ಪುಣೆಯಲ್ಲಿ ನಾವು ವ್ಯತ್ಯಾಸವನ್ನು ಪ್ರಮಾಣದ್ದು, ದರದ್ದು, ಕಾಲದ್ದು ಎಂದು ಪೈಸೆಯವರೆಗೆ ಬಿಡಿಸುತ್ತೇವೆ, ಆದರೆ ಗೋದಾಮಿಗೆ ಹೋಗಿ ಕೇಳುವುದಿಲ್ಲ. ಮಲೆನಾಡಿನಲ್ಲಿ ಕಾರಣ ಎಲ್ಲರ ಬಾಯಲ್ಲೂ ಇದೆ, ಆದರೆ ಯಾವ ಕಾರಣಕ್ಕೆ ಎಷ್ಟು ರೂಪಾಯಿ ಎಂದು ಯಾರೂ ಗುರುತು ಹಾಕುವುದಿಲ್ಲ. ಕೊಳೆರೋಗಕ್ಕೆ ಹೋದ ಅಡಿಕೆ ಈ ವರ್ಷ ಮರಳಿ ಬರುವುದಿಲ್ಲ, ಮನೆಯಲ್ಲಿರುವುದು ಬರುತ್ತದೆ. ಇವೆರಡನ್ನು ಬೇರೆ ಮಾಡದ ಟಿಪ್ಪಣಿಯಿಂದ ಮಂಡಳಿ ಮುಂದಿನ ಮೂರು ತಿಂಗಳಿಗೆ ಏನನ್ನೂ ನಿರ್ಧರಿಸಲಾರದು. ಸಂಘದಿಂದ ಬೆಳೆಸಾಲ ಪಡೆದ ಸದಸ್ಯರ ಪಟ್ಟಿ ಹಿಡಿದು ಕಾರ್ಯದರ್ಶಿಯವರು ಎರಡು ದಿನ ಫೋನ್ ಮಾಡಿ ವಿಚಾರಿಸಿದಾಗ, ಸುಮಾರು 400 ಕ್ವಿಂಟಾಲ್ ಮನೆಗಳಲ್ಲಿದೆ, 200 ಹೋಗಿದೆ ಎಂದು ತಿಳಿಯಿತು. ಹಾಗಾಗಿ 5.4 ಲಕ್ಷದಲ್ಲಿ 3.6 ಲಕ್ಷ ತಡವಾದದ್ದು, 1.8 ಲಕ್ಷ ನಷ್ಟವಾದದ್ದು.

ಆ ಸಂಜೆ ಜಗಲಿಯಲ್ಲಿ ಕೂತು ನಾವು ಟಿಪ್ಪಣಿಯನ್ನು ಹೀಗೆ ತಿದ್ದಿ ಬರೆದೆವು: "ಉಳಿಕೆ ಬಜೆಟ್ಟಿಗಿಂತ 50,000 ರೂಪಾಯಿ ಹೆಚ್ಚಿದ್ದರೂ, ಮಾಡಿನ ದುರಸ್ತಿ ಮುಂದೂಡಿದ್ದನ್ನು ಬಿಟ್ಟರೆ 2 ಲಕ್ಷ ಕಡಿಮೆ. ಅಕ್ಟೋಬರ್ ಮಳೆಯಿಂದ ಒಣಗದ ಸುಮಾರು 400 ಕ್ವಿಂಟಾಲ್ ಸದಸ್ಯರ ಮನೆಗಳಲ್ಲಿದ್ದು, ಮಾರ್ಚ್ ಒಳಗೆ ಬರುವ ನಿರೀಕ್ಷೆಯಿದೆ. ಕೊಳೆರೋಗದಿಂದ ಹೋದ 200 ಕ್ವಿಂಟಾಲ್ ಬರುವುದಿಲ್ಲ. ತೇವದ ಅಡಿಕೆಯನ್ನು ಮತ್ತೆ ಹರವಿದ್ದಕ್ಕೆ ಹಮಾಲಿ 80,000 ರೂಪಾಯಿ ಹೆಚ್ಚಾಗಿದೆ." 50,000 ರೂಪಾಯಿಗಿಂತ ಕಡಿಮೆಯ ವ್ಯತ್ಯಾಸಗಳನ್ನು ಬರೆಯದೆ ಬಿಟ್ಟೆವು, ಎಲ್ಲ ಸಾಲಿಗೂ ವಿವರಣೆ ಕೊಟ್ಟರೆ ಮುಖ್ಯವಾದದ್ದು ಮುಳುಗಿಹೋಗುತ್ತದೆ.

"ಮುಂದಿನ ತ್ರೈಮಾಸಿಕದಲ್ಲಿ ಬರುತ್ತದೆ" ಎಂದು ಬರೆಯುವವರು ಮುಂದಿನ ಟಿಪ್ಪಣಿಯ ಮೊದಲ ಸಾಲಿನಲ್ಲೇ ಅದು ಬಂತೇ ಎಂದು ಹೇಳಬೇಕೆಂದು ನಾನು ಒತ್ತಾಯಿಸಿದೆ, ಏಕೆಂದರೆ ಅದೇ ಮಾತು ಮೂರನೆಯ ಬಾರಿ ಬಂದರೆ ಅದು ತಡವಲ್ಲ, ನಷ್ಟವೇ. ಏಪ್ರಿಲಿನಲ್ಲಿ ಚಿಕ್ಕಪ್ಪ ಹೊಸ ಟಿಪ್ಪಣಿಯ ಫೋಟೊ ಕಳಿಸಿದರು. ಮೊದಲ ಸಾಲಿನಲ್ಲಿ, 400 ಕ್ವಿಂಟಾಲಿನಲ್ಲಿ 310 ಬಂದಿದೆ, ಉಳಿದ 90ನ್ನು ಸದಸ್ಯರು ಹೊರಗಿನ ವ್ಯಾಪಾರಿಗಳಿಗೆ ಕೊಟ್ಟಿದ್ದಾರೆ ಎಂದಿತ್ತು.