ದಾವಣಗೆರೆ ಬೆಣ್ಣೆ ದೋಸೆಯ ಏಕೈಕ ವಾರಸುದಾರರು

ಬೆಂಗಳೂರಿನ ಯಾವ ಬಡಾವಣೆಗೆ ಹೋದರೂ ‘ದಾವಣಗೆರೆ ಬೆಣ್ಣೆ ದೋಸೆ’ ಬೋರ್ಡು ಸಿಗುತ್ತದೆ. ನಾಲ್ಕು ಹೆಜ್ಜೆ ಮುಂದೆ ‘ಒರಿಜಿನಲ್ ದಾವಣಗೆರೆ ಬೆಣ್ಣೆ ದೋಸೆ’, ಎದುರುಗಡೆ ‘ಓಲ್ಡ್ ಒರಿಜಿನಲ್’. ಎಲ್ಲದರ ಕೆಳಗೂ ಕೆಂಪಕ್ಷರದ ಗುಡುಗು: ‘ನಮಗೆ ಬೇರೆ ಶಾಖೆಗಳಿಲ್ಲ. ನಮ್ಮ ಹೆಸರು ಬಳಸಿದವರ ಮೇಲೆ ಕಾನೂನು ಕ್ರಮ ಜರುಗಿಸಲಾಗುವುದು.’ ಇವರ ಎದೆಗಾರಿಕೆಗೆ ಶರಣು. ಊರು ಊರಿನವರದು, ಬೆಣ್ಣೆ ಎಮ್ಮೆಯದು, ದೋಸೆ ನಾಡಿನ ಅಜ್ಜಿಯರೆಲ್ಲರದು. ನಡುವೆ ನಿಮ್ಮದೇನು ಸ್ವಾಮಿ ಅಂತ ಕೇಳಿದರೆ, ಬೋರ್ಡಿನ ಮೂಲೆಯಲ್ಲಿ ಪೇಂಟರ್ ಬರೆದುಕೊಟ್ಟ ಟಿಎಂ.

ಬೌದ್ಧಿಕ ಆಸ್ತಿ ಕಾನೂನು ಓದುವ ಮಕ್ಕಳು ತರಗತಿಯಲ್ಲಿ ಕೂರುವ ಬದಲು ಈ ಬೋರ್ಡಿನ ಕೆಳಗೆ ನಿಂತರೂ ಅರ್ಧ ಪಾಠ ಮುಗಿಯುತ್ತದೆ. ಟ್ರೇಡ್‌ಮಾರ್ಕ್ ಕಾಯ್ದೆ, 1999ರ 9(1)ನೇ ಕಲಮು ಹೇಳುವುದು ಇಷ್ಟೇ: ಯಾವುದರಲ್ಲಿ ವಿಶಿಷ್ಟತೆ ಇಲ್ಲವೋ, ಯಾವುದು ಸರಕಿನ ಬಗೆ, ಗುಣ, ಹುಟ್ಟೂರನ್ನು ಹೇಳುತ್ತದೋ, ಯಾವುದು ಆ ವ್ಯಾಪಾರದಲ್ಲಿ ರೂಢಿಯ ಮಾತಾಗಿದೆಯೋ ಅದನ್ನು ನೋಂದಾಯಿಸುವುದಿಲ್ಲ. ನಮ್ಮ ದೋಸೆಯಣ್ಣ ಒಂದೇ ಹೆಸರಿನಲ್ಲಿ ಮೂರಕ್ಕೂ ಸಿಕ್ಕಿಬಿದ್ದಿದ್ದಾರೆ. ಕಲಮು ಬರೆದವರು ದೋಸೆ ತಿನ್ನುತ್ತಲೇ ಬರೆದರೇನೋ ಎಂಬ ಅನುಮಾನ ಬರುವಷ್ಟು ಅಚ್ಚುಕಟ್ಟಾಗಿ.

ಆದರೂ ಏಜೆಂಟರು ಅರ್ಜಿ ಹಾಕಿಸುತ್ತಾರೆ. ಟಿಎಂ-ಎ ಫಾರಂ, ಸರಕು, ಸೇವೆಗಳನ್ನು ವಿಂಗಡಿಸಿದ ಪಟ್ಟಿಯಲ್ಲಿ ಹೋಟೆಲಿಗೆ 43ನೇ ವರ್ಗ. ಆನ್‌ಲೈನಿನಲ್ಲಾದರೆ ವ್ಯಕ್ತಿಗೋ ಸಣ್ಣ ಉದ್ದಿಮೆಗೋ 4,500 ರೂಪಾಯಿ ಶುಲ್ಕ, ಏಜೆಂಟರ ದಕ್ಷಿಣೆ ಬೇರೆ. ಟ್ರೇಡ್‌ಮಾರ್ಕ್ ಕಚೇರಿಯ ಪರೀಕ್ಷಾ ವರದಿಯಲ್ಲಿ 9ನೇ ಕಲಮಿನ ಆಕ್ಷೇಪ ಬಂದೇ ಬರುತ್ತದೆ. ಉತ್ತರಕ್ಕೆ ಒಂದು ತಿಂಗಳು. ಆಗ ಏಜೆಂಟರು ಬ್ರಹ್ಮಾಸ್ತ್ರ ತೆಗೆಯುತ್ತಾರೆ: ‘ಬಳಸಿ ಬಳಸಿ ನಮ್ಮ ಹೆಸರು ವಿಶಿಷ್ಟತೆ ಗಳಿಸಿದೆ.’ ಅಸ್ತ್ರ ನಿಜವಾದದ್ದೇ, 9(1)ರ ಪರಂತುಕದಲ್ಲೇ, ಅಂದರೆ ಆ ಕಲಮಿನ ಬಾಲಕ್ಕೆ ಅಂಟಿಸಿದ ವಿನಾಯಿತಿಯಲ್ಲೇ ಇದೆ. ಷರತ್ತು ಏನೆಂದರೆ, ಆ ವಿಶಿಷ್ಟತೆ ಅರ್ಜಿಯ ದಿನಾಂಕಕ್ಕೆ ಮೊದಲೇ ಬಂದಿರಬೇಕು. ಅರ್ಜಿ ತೆಗೆದು ನೋಡಿದರೆ ಬಳಕೆಯ ಕಾಲಂನಲ್ಲಿ ‘ಮುಂದೆ ಬಳಸುವ ಉದ್ದೇಶವಿದೆ’ ಎಂದು ಟಿಕ್ ಮಾಡಿದೆ! ‘ಇಷ್ಟು ವರ್ಷದಿಂದ ಬಳಕೆಯಲ್ಲಿದೆ’ ಎಂದು ಬರೆದರೆ ಪ್ರಮಾಣಪತ್ರ, ದಾಖಲೆ ಲಗತ್ತಿಸುವ ರಗಳೆ ಅಂತ ಸುಲಭದ ದಾರಿ ಹಿಡಿದಿದ್ದಾರೆ. ಇನ್ನೂ ಬಳಸಿಯೇ ಇಲ್ಲದ ಹೆಸರು ಜನಮಾನಸದಲ್ಲಿ ಬೇರೂರಿದ ಪವಾಡಕ್ಕೆ ಪರೀಕ್ಷಕರು ಕೈಮುಗಿಯಬೇಕಷ್ಟೆ.

ನೋಂದಣಿ ಸಿಗದಿದ್ದರೇನಂತೆ, ತನ್ನ ಸರಕನ್ನು ಇನ್ನೊಬ್ಬರದೆಂದು ದಾಟಿಸುವವನ ಮೇಲೆ ಹೂಡುವ ‘ಪಾಸಿಂಗ್ ಆಫ್’ ದಾವೆ ಇದೆಯಲ್ಲ ಎನ್ನುತ್ತಾರೆ. ಇದೆ. ನೋಂದಣಿಯಾಗದ ಗುರುತಿಗೂ ಈ ದಾವೆ ಹೂಡುವ ಹಕ್ಕನ್ನು 27(2) ಉಳಿಸಿಕೊಟ್ಟಿದೆ. ಸಾಬೀತು ಮಾಡಬೇಕಾದದ್ದು ಮೂರು: ನಿಮಗೆ ಗುಡ್‌ವಿಲ್, ಅಂದರೆ ವ್ಯಾಪಾರದಲ್ಲಿ ಗಳಿಸಿದ ಒಳ್ಳೆಯ ಹೆಸರು ಇದೆ, ಎದುರಾಳಿ ತನ್ನ ಸರಕನ್ನು ನಿಮ್ಮದೆಂದು ಜನ ನಂಬುವ ಹಾಗೆ ಮಾಡಿದ್ದಾನೆ, ಅದರಿಂದ ನಿಮಗೆ ನಷ್ಟವಾಗಿದೆ ಅಥವಾ ಆಗುವ ಸಂಭವವಿದೆ.

ಮೊದಲ ಮೆಟ್ಟಿಲಲ್ಲೇ ಮಜಾ ಶುರು. ಗುಡ್‌ವಿಲ್ ತೋರಿಸಲು ವರ್ಷವಾರು ವಹಿವಾಟು ಬೇಕು, ಅದಕ್ಕೆ ಸಿಎ ಸರ್ಟಿಫಿಕೇಟು ಬೇಕು, ಜಾಹೀರಾತಿನ ಖರ್ಚು, ಹಳೆಯ ಬಿಲ್ಲುಗಳು ಬೇಕು. ‘ಬಿಲ್ ಯಾಕೆ ಸಾರ್, ಸುಮ್ನೆ ಫೋನ್‌ಪೇ ಮಾಡಿ’ ಅಂತ ಇಷ್ಟು ವರ್ಷ ಹೇಳಿಕೊಂಡು ಬಂದ ಕ್ಯಾಷಿಯರ್ ಈಗ ತಲೆ ಕೆರೆದುಕೊಳ್ಳುತ್ತಾನೆ. ವಾದಪತ್ರದಲ್ಲಿ ‘ದಿನಾ ಜನ ಕ್ಯೂ ನಿಲ್ಲುತ್ತಾರೆ, ಹೆಸರು ರಾಜ್ಯದಾದ್ಯಂತ ಮನೆಮಾತು’. ತೆರಿಗೆ ರಿಟರ್ನಿನಲ್ಲಿ ‘ಏನೋ ಜೀವನ ನಡೀತಿದೆ’. ಎರಡನ್ನೂ ಒಟ್ಟಿಗಿಟ್ಟು ಎದುರು ವಕೀಲರು ಪಾಟೀಸವಾಲಿಗೆ ಎದ್ದರೆ ಆ ಮನೆಮಾತು ಮನೆ ಸೇರುತ್ತದೆ. ತೆರಿಗೆಯವರಿಂದ ಬಚ್ಚಿಟ್ಟ ಗಿರಾಕಿ ಸಾಕ್ಷಿ ಕಟ್ಟೆಗೆ ಬರುವುದಿಲ್ಲ.

ಸರಿ, ದಾಖಲೆಯೆಲ್ಲ ಖಡಕ್ಕಾಗಿದೆ ಎಂದೇ ಇಟ್ಟುಕೊಳ್ಳಿ. ಎರಡನೇ ಮೆಟ್ಟಿಲು ಇನ್ನೂ ಜಾರು. 1946ರಲ್ಲಿ ಇಂಗ್ಲೆಂಡಿನ ‘ಆಫೀಸ್ ಕ್ಲೀನಿಂಗ್ ಸರ್ವಿಸಸ್’ ಎಂಬ ಕಂಪನಿ ‘ಆಫೀಸ್ ಕ್ಲೀನಿಂಗ್ ಅಸೋಸಿಯೇಷನ್’ ಎಂಬ ಹೆಸರಿನ ಮೇಲೆ ಮುರಕೊಂಡು ಬಿದ್ದಿತು. ಹೌಸ್ ಆಫ್ ಲಾರ್ಡ್ಸ್ ಒಪ್ಪಲಿಲ್ಲ. ಕೆಲಸವನ್ನು ಬಣ್ಣಿಸುವ ಮಾತನ್ನೇ ಹೆಸರಾಗಿ ಇಟ್ಟುಕೊಂಡರೆ ಒಂದಿಷ್ಟು ಗೊಂದಲ ಆಗಿಯೇ ಆಗುತ್ತದೆ, ಅದನ್ನು ನೀವೇ ಸಹಿಸಿಕೊಳ್ಳಬೇಕು. ಅಂಥ ಹೆಸರುಗಳ ನಡುವೆ ಸಣ್ಣ ವ್ಯತ್ಯಾಸವಿದ್ದರೂ ಸಾಕು. ಅಲ್ಲಿ ‘ಸರ್ವಿಸಸ್’, ‘ಅಸೋಸಿಯೇಷನ್’ ಎಂಬಷ್ಟೇ ಅಂತರ ಸಾಕಾಗಿತ್ತು. ಇಲ್ಲಿ ‘ಶ್ರೀ ಗುರು’ ಒಂದನ್ನು ಹಿಂದೆ ಹಾಕಿಕೊಂಡ ಪಕ್ಕದ ಹೋಟೆಲಿನವನು ನೆಮ್ಮದಿಯಾಗಿ ಕಾವಲಿಗೆ ನೀರು ಚಿಮುಕಿಸಬಹುದು.

ಹಾಗಾದರೆ ಬಣ್ಣನೆಯ ಹೆಸರಿಗೆ ಎಂದೂ ಗತಿಯಿಲ್ಲವೇ ಎಂದರೆ, ಉಂಟು. 1896ರ ರೆಡ್ಡವೇ ಪ್ರಕರಣ ಓದಿ. ರೆಡ್ಡವೇ ಕಂಪನಿ ಯಂತ್ರಗಳಿಗೆ ಬೇಕಾದ ಬೆಲ್ಟನ್ನು ‘ಕ್ಯಾಮೆಲ್ ಹೇರ್ ಬೆಲ್ಟಿಂಗ್’ ಎಂದು ಮಾರುತ್ತಿತ್ತು. ಅಲ್ಲೇ ಕೆಲಸ ಮಾಡಿದ್ದ ಬ್ಯಾನ್‌ಹ್ಯಾಮ್ ಹೊರಬಂದು ತಾನೂ ಬೆಲ್ಟು ಮಾಡಿ ಅದೇ ಹೆಸರಿಟ್ಟ. ತಮಾಷೆಯೆಂದರೆ ಅವನು ಸುಳ್ಳು ಹೇಳಿರಲಿಲ್ಲ, ಬೆಲ್ಟಿನಲ್ಲಿ ಒಂಟೆಯ ಕೂದಲು ನಿಜಕ್ಕೂ ಇತ್ತು. ಆದರೂ ಸೋತ. ಕೊಳ್ಳುವವರ ಮಟ್ಟಿಗೆ ಆ ಮಾತು ಕೂದಲನ್ನಲ್ಲ, ರೆಡ್ಡವೇ ಕಾರ್ಖಾನೆಯ ಸರಕನ್ನು ಸೂಚಿಸುತ್ತಿತ್ತು ಎಂದು ಸಾಬೀತಾಗಿತ್ತು. ಹಾಗಾಗಿ ತನ್ನ ಬೆಲ್ಟು ಬೇರೆಯದೆಂದು ಸ್ಪಷ್ಟಪಡಿಸದೆ ಅವನು ಆ ಹೆಸರು ಬಳಸುವಂತಿರಲಿಲ್ಲ. ನಮ್ಮ ದೋಸೆಯಣ್ಣನೂ ಇದನ್ನೇ ತೋರಿಸಬೇಕು: ಜನ ‘ದಾವಣಗೆರೆ ಬೆಣ್ಣೆ ದೋಸೆ’ ಎಂದಾಗ ತಿಂಡಿಯನ್ನಲ್ಲ, ಇವರೊಬ್ಬರ ಅಂಗಡಿಯನ್ನೇ ನೆನೆಯುತ್ತಾರೆ ಅಂತ. ತೋರಿಸಲಿ, ನೋಡೋಣ.

ದೊಡ್ಡವರು ಕೂಡ ಇದರಲ್ಲಿ ಎಡವುತ್ತಾರೆ. ಕೆಎಂಎಫ್ 1985ರಿಂದ ‘ನಂದಿನಿ’ ಹಾಲು ಮಾರುತ್ತಿದೆ. ‘ನಂದಿನಿ ಡಿಲಕ್ಸ್’ ಎಂಬ ಆಂಧ್ರ ಶೈಲಿಯ ಹೋಟೆಲು 1989ರಲ್ಲಿ ಶುರುವಾಯಿತು. ಆ ಹೆಸರಿನ ನೋಂದಣಿಗೆ ಕೆಎಂಎಫ್ ಅಡ್ಡಿಪಡಿಸಿ ಸುಪ್ರೀಂ ಕೋರ್ಟಿನವರೆಗೂ ಜಗ್ಗಾಡಿತು. ಇದು ನೋಂದಣಿಯ ತಗಾದೆ, ಪಾಸಿಂಗ್ ಆಫ್ ದಾವೆಯಲ್ಲ ಎಂಬುದನ್ನು ಪರೀಕ್ಷೆಯಲ್ಲಿ ಮರೆಯಬೇಡಿ. 2018ರಲ್ಲಿ ಕೋರ್ಟು ಹೇಳಿತು: ನಂದಿನಿ ಎಂಬುದು ಪುರಾಣದ ದೇವತೆಯ, ಹಸುವಿನ ಹೆಸರು, ಯಾರೂ ಟಂಕಿಸಿದ ಪದವಲ್ಲ. ಒಬ್ಬರ ಲಾಂಛನದಲ್ಲಿ ಹಸು, ಇನ್ನೊಬ್ಬರದರಲ್ಲಿ ದೀಪ. ಕೆಲವು ಸರಕಿಗೆ ನೋಂದಣಿ ಇದೆಯೆಂದ ಮಾತ್ರಕ್ಕೆ ಇಡೀ ವರ್ಗ ನಿಮ್ಮ ಜಹಗೀರಲ್ಲ. ಹಾಲು ಮತ್ತು ಹಾಲಿನ ಪದಾರ್ಥಗಳನ್ನಷ್ಟೇ ಹೋಟೆಲಿನವರ ಪಟ್ಟಿಯಿಂದ ತೆಗೆಸಿತು. ಆಂಧ್ರ ಊಟಕ್ಕೆ ಕೂತವನು ಇದನ್ನು ಹಾಲು ಒಕ್ಕೂಟದವರು ಬಡಿಸುತ್ತಿದ್ದಾರೆ ಅಂದುಕೊಳ್ಳುವಷ್ಟು ಪೆದ್ದನಲ್ಲ ಎಂಬುದು ಸಾಬೀತಾಗಲು ಇಷ್ಟು ವರ್ಷ ಬೇಕಾಯಿತು.

ನಗು ಬರುವುದಿಲ್ಲ ಕೆಲವೊಮ್ಮೆ. ನಿಜಕ್ಕೂ ತಲೆ ಓಡಿಸಿ, ಅರ್ಥವೇ ಇಲ್ಲದ ಒಂದು ಹೊಸ ಹೆಸರು ಕಟ್ಟಿ, ಹತ್ತು ವರ್ಷ ಬೆವರು ಸುರಿಸಿದ ಸಣ್ಣ ವ್ಯಾಪಾರಿಯೂ ಇದ್ದಾನೆ. ಅವನ ಹೆಸರಿನ ಒಂದಕ್ಷರ ತಿದ್ದಿ, ಅದೇ ಬಣ್ಣದ ಪ್ಯಾಕೆಟ್ಟಿನಲ್ಲಿ ಕಳಪೆ ಮಾಲು ತುಂಬಿ ಮಾರುವವನೂ ಇದ್ದಾನೆ. ಕಾನೂನು ಇರುವುದು ಆ ಬೆವರು ಸುರಿಸಿದವನಿಗಾಗಿ. ಇವನ ದಾವೆ ಕಾಯುತ್ತಾ ಕೂರುತ್ತದೆ, ಊರಿನ ಹೆಸರನ್ನೂ ತಿಂಡಿಯ ಹೆಸರನ್ನೂ ಸ್ವಂತ ಸೈಟಿನಂತೆ ಬೇಲಿ ಹಾಕಿಕೊಳ್ಳಲು ಹೊರಟವರ ಕಡತ ಅದೇ ಸಾಲಿನಲ್ಲಿ ಮುಂದೆ ನಿಂತಿರುತ್ತದೆ. ಗೊತ್ತಿದ್ದೂ ಶುಲ್ಕಕ್ಕಾಗಿ ಅಂಥ ಅರ್ಜಿ ಬರೆದುಕೊಡುವವರಿಗೆ ನಾಚಿಕೆಯೂ ಆಗುವುದಿಲ್ಲ.

ದೋಸೆಯಣ್ಣನ ಕಡೆಯ ಉಪಾಯ ಇನ್ನೊಂದಿದೆ: ಹೆಸರಿಗೆ ಕಾವಲಿ, ಸಟ್ಟುಗ, ಬೆಣ್ಣೆಯ ಮುದ್ದೆ ಎಲ್ಲ ಸೇರಿಸಿ ಲೋಗೋ ಮಾಡಿಸಿ ನೋಂದಾಯಿಸುವುದು. ಅದು ಸಿಕ್ಕರೂ ಸಿಗಬಹುದು. ಆದರೆ 17ನೇ ಕಲಮಿನ ಪ್ರಕಾರ ಹಕ್ಕು ಇಡೀ ಚಿತ್ರಕ್ಕೇ ಹೊರತು ಅದರೊಳಗಿನ ಸಾಮಾನ್ಯ ಪದಗಳಿಗಲ್ಲ. ಅಲ್ಲಿಯ ತನಕ ಟಿಎಂ ಎಂದು ಎಷ್ಟು ದೊಡ್ಡದಾಗಿ ಬೇಕಾದರೂ ಬರೆಸಲಿ, ಅದಕ್ಕೆ ಯಾರ ಅಪ್ಪಣೆಯೂ ಬೇಡ. ನೋಂದಣಿಯಾಗುವ ಮೊದಲೇ ವೃತ್ತದೊಳಗಿನ ‘ಆರ್’ ಬರೆಸಿದರೆ ಮಾತ್ರ 107ನೇ ಕಲಮು ಕಾದಿದೆ: ಹಿಂದೆ ಮೂರು ವರ್ಷದವರೆಗೆ ಜೈಲಿತ್ತು, 2023ರ ಜನ ವಿಶ್ವಾಸ್ ತಿದ್ದುಪಡಿಯ ನಂತರ ಈಗ ಹಣದ ದಂಡ. ಪೇಂಟರಿಗೆ ಒಂದು ಮಾತು ಹೇಳಿಡಿ.