ಕಿಲೋಮೀಟರ್ ಬಿಡಿ, ನಿಮಿಷ ಹೇಳಿ

ಹೊಸ ಊರಲ್ಲಿ ಮನೆ ಹುಡುಕುತ್ತಾ "ಈ ಮನೆ ಆಫೀಸಿನಿಂದ ನಾಲ್ಕೇ ಕಿಲೋಮೀಟರ್" ಅಂತ ನಾನು ಅಂದಾಗ ಇಲ್ಲಿಯ ಸಹೋದ್ಯೋಗಿ ನಕ್ಕುಬಿಟ್ಟರು. "ಕಿಲೋಮೀಟರ್ ತಗೊಂಡು ಏನ್ಮಾಡ್ತೀರಿ? ಬೆಳಿಗ್ಗೆ ಎಷ್ಟು ನಿಮಿಷ ಹೇಳಿ." ಸ್ವಲ್ಪ ಚುರುಕ್ಕೆಂದಿತು. ನಮ್ಮ ಊರ ಕಡೆ ಬ್ರೋಕರ್ "ಹತ್ತೇ ನಿಮಿಷ ಸಾರ್" ಅಂದರೆ ಮಾತು ಮುಗೀತು. ಯಾವ ಹೊತ್ತಿನ ಹತ್ತು ನಿಮಿಷ ಅಂತ ಯಾರೂ ಕೇಳಲ್ಲ.

ಅವರು ಒಂದು ಐಸೋಕ್ರೋನ್ ನಕ್ಷೆ ತೆಗೆದರು, ಅಂದರೆ ಇಂತಿಷ್ಟು ನಿಮಿಷದಲ್ಲಿ ಎಲ್ಲೆಲ್ಲಿಂದ ತಲುಪಬಹುದು ಅಂತ ತೋರಿಸುವ ನಕ್ಷೆ. ಆಫೀಸನ್ನು ಗುರುತಿಸಿ, ವಾರದ ದಿನ, ಬೆಳಿಗ್ಗೆ 9ಕ್ಕೆ ತಲುಪಬೇಕು, ಬಸ್ಸು ಮತ್ತು ರೈಲು, 45 ನಿಮಿಷ ಎಂದು ಕೊಟ್ಟರು. ಆಫೀಸಿನಿಂದ ಹಿಂದಕ್ಕೆ ಒಂದೊಂದೇ ದಾರಿ ಹಿಡಿದು, ನಡಿಗೆ, ಕಾಯುವ ಹೊತ್ತು, ಪ್ರಯಾಣ ಎಲ್ಲ ಕೂಡಿಸುತ್ತಾ, ಮೊತ್ತ 45 ದಾಟದ ಜಾಗಕ್ಕೆಲ್ಲ ಅದು ಬಣ್ಣ ಹಚ್ಚಿತು. ದುಂಡಗೆ ಬರುತ್ತೆ ಅಂದುಕೊಂಡಿದ್ದೆ. ಬಂದದ್ದು ಚೆಲ್ಲಿದ ಶಾಯಿಯ ಹಾಗೆ: ನಡುವೆ ಒಂದು ದೊಡ್ಡ ಕಲೆ, ದೂರದ ರೈಲು ನಿಲ್ದಾಣಗಳ ಸುತ್ತ ಬಿಡಿ ಬಿಡಿ ಚುಕ್ಕಿ. (ಇದೇನೂ ಹೊಸದಲ್ಲ. ಲಂಡನ್‌ನಿಂದ ಎಲ್ಲಿಗೆ ಎಷ್ಟು ದಿನ ಅಂತ ಫ್ರಾನ್ಸಿಸ್ ಗಾಲ್ಟನ್ 1881ರಲ್ಲೇ ಲೋಕದ ನಕ್ಷೆಗೆ ಬಣ್ಣ ಹಚ್ಚಿದ್ದ.)

ನನ್ನ ನಾಲ್ಕು ಕಿಲೋಮೀಟರ್ ಮನೆ ಬಣ್ಣದ ಆಚೆ ಇತ್ತು. ಲೆಕ್ಕ ಬಿಡಿಸಿದರೆ 6 ನಿಮಿಷ ನಡಿಗೆ, 10 ಕಾಯೋದು, 22 ಬಸ್ಸು, ಬದಲಿ ಬಸ್ಸಿಗೆ ಮತ್ತೆ 8, ಅದರಲ್ಲಿ 9, ಕೊನೆಗೆ 3 ನಡಿಗೆ. ಒಟ್ಟು 58. ಹನ್ನೊಂದು ಕಿಲೋಮೀಟರ್ ದೂರದ ಇನ್ನೊಂದು ಮನೆ ಬಣ್ಣದ ಒಳಗೆ: 8 ನಡಿಗೆ, 5 ಕಾಯೋದು, 19 ರೈಲು, 6 ನಡಿಗೆ. ಬರೀ 38.

ಹಾಗಂತ ಬಣ್ಣ ನೋಡಿ ಅಡ್ವಾನ್ಸ್ ಕೊಡಬಾರದು. ಆ ರೈಲು ಇರೋದು 20 ನಿಮಿಷಕ್ಕೊಂದು. ಒಂದು ತಪ್ಪಿದರೆ ಅದೂ 58! ಅದಕ್ಕೇ ತಲುಪುವ ಹೊತ್ತನ್ನು 8:50, 9:00, 9:10 ಅಂತ ಬದಲಿಸಿ ಮತ್ತೆ ಮತ್ತೆ ನಕ್ಷೆ ಬರೆಸಬೇಕು. ಪ್ರತಿ ಸಲವೂ ಒಳಗಿರುವ ಮನೆ ಗಟ್ಟಿ. ಒಮ್ಮೆ ಒಳಗೆ ಒಮ್ಮೆ ಹೊರಗೆ ಅಂದರೆ ದಿನಾ ಓಡಬೇಕಾಗುತ್ತೆ. ಸಂಜೆಯ ವಾಪಸಾತಿಗೆ ಬೇರೆ ನಕ್ಷೆಯೇ ಬೇಕು, ಆಗ ರೈಲು ಕಡಿಮೆ ಇರಬಹುದು. ಕಾರಲ್ಲಿ ಹೋಗೋರು ಇನ್ನೊಂದು ನೋಡಿಕೊಳ್ಳಬೇಕು: ಎಷ್ಟೋ ಉಚಿತ ಸಾಧನಗಳು ಖಾಲಿ ರಸ್ತೆಯ ವೇಗವನ್ನೇ ಲೆಕ್ಕಕ್ಕೆ ಹಿಡಿಯುತ್ತವೆ. ಗಂಡ ಹೆಂಡತಿ ಇಬ್ಬರೂ ದುಡಿಯುವವರಾದರೆ ಎರಡು ಆಫೀಸಿಗೂ ನಕ್ಷೆ ಬರೆಸಿ, ಎರಡೂ ಕೂಡಿದ ಕಡೆ ಮಾತ್ರ ಮನೆ ನೋಡಿದರಾಯಿತು. ಅರ್ಧ ಜಗಳ ಅಲ್ಲೇ ಮುಗಿಯುತ್ತೆ.

ನಮ್ಮವರು ಇಷ್ಟು ಮಾಡೋಕೆ ಯಾಕೆ ಬೇಜಾರು ಪಡ್ತಾರೋ ಗೊತ್ತಿಲ್ಲ. ಮನೆಯ ವಾಸ್ತುವನ್ನು ಮೂರು ಜನರ ಹತ್ತಿರ ಕೇಳ್ತಾರೆ, ದಾರಿಯನ್ನು ಕೇಳಲ್ಲ.

ಹ್ಞಾಂ, ಒಂದು ಮಾತು ಒಪ್ಪಲೇಬೇಕು. ಈ ನಕ್ಷೆಗೆ ಗೊತ್ತಿರೋದು ವೇಳಾಪಟ್ಟಿ ಮಾತ್ರ. ಬಸ್ಸು ಪಟ್ಟಿಯಂತೆ ಬಾರದ ಕಡೆ ಅದು ಆಸೆ ಹುಟ್ಟಿಸುತ್ತೆ, ಶೇರ್ ಆಟೋ ಓಡುವ ಕಡೆ ಸುಮ್ನೆ ಹೆದರಿಸುತ್ತೆ, ಯಾಕೆಂದರೆ ಆ ಆಟೋಗಳು ಯಾವ ಪಟ್ಟಿಯಲ್ಲೂ ಇರಲ್ಲ. ಅಂಥಲ್ಲಿ ದಿನಾ ಓಡಾಡೋರನ್ನೇ ಕೇಳಬೇಕು. ಜೊತೆಗೆ ಅವರು ಎಷ್ಟು ಹೊತ್ತಿಗೆ ಮನೆ ಬಿಡ್ತಾರೆ ಅನ್ನೋದನ್ನೂ.