ಊರಿನ ಪಂಚಾಂಗ, ಲಂಡನ್ನಿನ ಸೂರ್ಯೋದಯ

ಬೆಂಗಳೂರಿನಲ್ಲಿ ಸಂಜೆಯ ಸಂಧ್ಯಾವಂದನೆಗೆ ಆರೂಕಾಲಕ್ಕೊಂದು ಅಲಾರಂ ಇಟ್ಟರೆ ವರ್ಷವಿಡೀ ಹೇಗೋ ನಡೆದುಹೋಗುತ್ತದೆ, ಏಕೆಂದರೆ ಅಲ್ಲಿ ಸೂರ್ಯಾಸ್ತವು ನವೆಂಬರಿನ 5.50ಕ್ಕೂ ಜುಲೈ ತಿಂಗಳ 6.50ಕ್ಕೂ ನಡುವೆ, ಸುಮಾರು ಒಂದು ಗಂಟೆಯ ಅಂತರದಲ್ಲೇ ಓಡಾಡುತ್ತಿರುತ್ತದೆ. ನಾನೀಗ ಇರುವ ಲಂಡನ್ನಿನಲ್ಲಿ ಡಿಸೆಂಬರಿನ ಸೂರ್ಯ 3.50ರ ಸುಮಾರಿಗೇ ಮುಳುಗಿದರೆ, ಜೂನ್ ತಿಂಗಳ ಸೂರ್ಯ ರಾತ್ರಿ 9.20 ದಾಟುವವರೆಗೂ ಕಾಯಿಸುತ್ತಾನೆ. ಮಾರ್ಚ್‌ನಲ್ಲಿ ಸೂರ್ಯಾಸ್ತ ದಿನಕ್ಕೆ ಎರಡು ನಿಮಿಷದ ಹತ್ತಿರ ಜರುಗುತ್ತದೆ. ಸಾಲದೆಂಬಂತೆ ಆ ತಿಂಗಳ ಕೊನೆಯ ಭಾನುವಾರ ಗಡಿಯಾರವನ್ನೇ ಒಂದು ಗಂಟೆ ಮುಂದಿಡುತ್ತಾರೆ.

ಇಲ್ಲಿನ ಮುಸ್ಲಿಮರು ರಂಜಾನ್ ಉಪವಾಸಕ್ಕೆ ಈ ನಗರಕ್ಕೆಂದೇ ಲೆಕ್ಕ ಹಾಕಿದ ವೇಳಾಪಟ್ಟಿಯನ್ನು ಅನುಸರಿಸುತ್ತಾರೆ. ನಮ್ಮಲ್ಲಿ ಅನೇಕರು ಊರಿನ ಪಂಚಾಂಗದ ದಿನಾಂಕವನ್ನೇ ಫೋನಿಗೆ ತುಂಬಿಕೊಳ್ಳುತ್ತೇವೆ. ನನ್ನ ದೃಷ್ಟಿಯಲ್ಲಿ ಅವರ ಕ್ರಮವೇ ಸರಿ, ಮತ್ತು ಇದು ಕೆಲವು ನಿಮಿಷಗಳ ವ್ಯತ್ಯಾಸದ ಮಾತಷ್ಟೇ ಅಲ್ಲ.

ಏಕಾದಶಿಯನ್ನೇ ನೋಡೋಣ. ತಿಥಿ ಎಂಬುದು ಸೂರ್ಯಚಂದ್ರರ ನಡುವಿನ ಕೋನಕ್ಕೆ ಸೇರಿದ್ದರಿಂದ ಜಗತ್ತಿಗೆಲ್ಲ ಒಂದೇ ಕ್ಷಣದಲ್ಲಿ ತೊಡಗಿ ಒಂದೇ ಕ್ಷಣದಲ್ಲಿ ಮುಗಿಯುತ್ತದೆ; ಆದರೆ ಉಪವಾಸದ ದಿನವನ್ನು ಗೊತ್ತುಮಾಡುವುದು ಆಯಾ ಊರಿನ ಸೂರ್ಯೋದಯಕ್ಕೆ ಇರುವ ತಿಥಿ. ಮಾರ್ಚ್ ನಡುವಿನ ಒಂದು ಬುಧವಾರ ಭಾರತೀಯ ಕಾಲಮಾನ ಬೆಳಗ್ಗೆ 8ಕ್ಕೆ ಏಕಾದಶಿ ತೊಡಗಿ ಗುರುವಾರ ಬೆಳಗ್ಗೆ 7ಕ್ಕೆ ಮುಗಿಯುತ್ತದೆ ಎಂದಿಟ್ಟುಕೊಳ್ಳಿ. ಬೆಂಗಳೂರಿನಲ್ಲಿ ಗುರುವಾರ ಆರೂವರೆಯ ಸೂರ್ಯೋದಯಕ್ಕೆ ಏಕಾದಶಿ ಇನ್ನೂ ಉಳಿದಿರುವುದರಿಂದ ಉಪವಾಸ ಗುರುವಾರ. ಲಂಡನ್ನಿನ ಗಡಿಯಾರದಲ್ಲಿ ಅದೇ ತಿಥಿ ಬುಧವಾರ ನಸುಕಿನ 2.30ರಿಂದ ಗುರುವಾರ 1.30ರವರೆಗೆ, ಇಲ್ಲಿ ಆರೂಕಾಲರ ಸುಮಾರಿಗೆ ಸೂರ್ಯ ಹುಟ್ಟುವಾಗ ಬುಧವಾರವೇ ಏಕಾದಶಿ, ಗುರುವಾರ ಆಗಲೇ ದ್ವಾದಶಿ. ಊರಿನ ದಿನಾಂಕವನ್ನು ನಂಬಿದವರು ಇಲ್ಲಿ ಪಾರಣೆಯ ದಿನ ಉಪವಾಸ ಕೂರುತ್ತಾರೆ.

ಸಾಮಾನ್ಯ ಕ್ಯಾಲೆಂಡರಿನ 'ಪ್ರತಿದಿನ' ಎಂಬ ಆಯ್ಕೆ ಗಡಿಯಾರದ ಒಂದೇ ವೇಳೆಯನ್ನು ಹಿಡಿದುಕೂರುವುದರಿಂದ ಈ ಕೆಲಸಕ್ಕೆ ಒದಗುವುದಿಲ್ಲ. ಊರಿನ ಅಕ್ಷಾಂಶ ರೇಖಾಂಶಗಳನ್ನು ಕೊಟ್ಟರೆ ಮರುದಿನದ ಹೊತ್ತನ್ನು ತಾನೇ ಲೆಕ್ಕ ಹಾಕಿ 'ಸೂರ್ಯಾಸ್ತಕ್ಕೆ ಇಪ್ಪತ್ತು ನಿಮಿಷ ಮುಂಚೆ' ಎಂದು ಎಚ್ಚರಿಸುವ ಆ್ಯಪ್ ಬೇಕು. ಪ್ರಯಾಣದಲ್ಲಿ ಅದು ಹಳೆಯ ಊರಿಗೇ ಅಂಟಿಕೊಂಡಿದೆಯೇ ಎಂದು ನೋಡಿಕೊಳ್ಳುವುದೂ ಅಗತ್ಯ. ಎರಡು ಪಟ್ಟಿಗಳ ನಡುವೆ ಲಂಡನ್ನಿನಲ್ಲಿ ಐದಾರು ನಿಮಿಷ ವ್ಯತ್ಯಾಸ ಕಂಡರೆ ಗಾಬರಿಯಾಗಬೇಕಿಲ್ಲ: ಒಂದು ಸೂರ್ಯಬಿಂಬದ ಮೇಲಂಚು ಕಾಣುವುದನ್ನು ಉದಯವೆಂದು ಎಣಿಸಿರುತ್ತದೆ, ಇನ್ನೊಂದು ಬಿಂಬದ ನಡುವನ್ನು, ಗಾಳಿಯಲ್ಲಿ ಬೆಳಕು ಬಾಗುವುದನ್ನು ಲೆಕ್ಕಕ್ಕೆ ಹಿಡಿಯದೆ.